ಮುಂದೆ ನೆಲ ಸಿಗುವುದಿಲ್ಲ

2024ರ ನವೆಂಬರ್‌ನಲ್ಲಿ ಮಂಗಳೂರಿನ ಬಳಿಯ ಸೋಮೇಶ್ವರದಲ್ಲಿ, ಕಡಲತೀರದ ರೆಸಾರ್ಟೊಂದಕ್ಕೆ ಬಂದಿದ್ದ ಮೈಸೂರಿನ ಮೂವರು ಯುವತಿಯರು ಈಜುಕೊಳದಲ್ಲಿ ಮುಳುಗಿ ತೀರಿಕೊಂಡರು. ಮೂವರಿಗೂ ಈಜು ಬರುತ್ತಿರಲಿಲ್ಲ. ಒಬ್ಬರು ಆಳದ ಕಡೆ ಸಿಕ್ಕಿಕೊಂಡಾಗ ಕಾಪಾಡಲು ಹೋದ ಗೆಳತಿಯರೂ ಮುಳುಗಿದರು. ಅಲ್ಲಿ ಜೀವರಕ್ಷಕರು ಇರಲಿಲ್ಲ, ಕೊಳದ ಆಳ ಎಷ್ಟೆಂದು ತಿಳಿಸುವ ಗುರುತೂ ಇರಲಿಲ್ಲ ಎಂದು ಆಗ ವರದಿಯಾಗಿತ್ತು.

ಈಜುಕೊಳದ ಬೋರ್ಡು ಮೊದಲು ಉತ್ತರಿಸಬೇಕಾದ ಎರಡು ಪ್ರಶ್ನೆಗಳು ಈ ಒಂದೇ ಘಟನೆಯಲ್ಲಿವೆ. ಎಲ್ಲಿಂದ ಮುಂದೆ ಹೋಗಬಾರದು? ಜೊತೆಗಿದ್ದವರು ಮುಳುಗುತ್ತಿದ್ದರೆ ಏನು ಮಾಡಬೇಕು? ಕರ್ನಾಟಕದ ರೆಸಾರ್ಟು, ಹೋಮ್‌ಸ್ಟೇ, ಅಪಾರ್ಟ್‌ಮೆಂಟುಗಳಲ್ಲಿ ಬೋರ್ಡುಗಳೇನೋ ಸಾಕಷ್ಟಿವೆ. ಆದರೆ ಬಹುಪಾಲು ಕಡೆ ಇಂಗ್ಲಿಷಿನಲ್ಲಿ ಹತ್ತು ಹದಿನೈದು ನಿಯಮಗಳ ಪಟ್ಟಿ ಇರುತ್ತದೆ, ಕನ್ನಡ ಇದ್ದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪದಕ್ಕೆ ಪದ ಇಟ್ಟು ಮಾಡಿದ ಅನುವಾದ ಇರುತ್ತದೆ. ಆ ಪಟ್ಟಿಯಲ್ಲಿ ನೈಲಾನ್ ಬಟ್ಟೆ ಕಡ್ಡಾಯ ಎಂಬ ಸಾಲು ಖಂಡಿತ ಸಿಗುತ್ತದೆ. ಮುಳುಗುವವರನ್ನು ಕಂಡರೆ ಏನು ಮಾಡಬೇಕೆಂಬ ಸಾಲು ಸಿಗುವುದು ಅಪರೂಪ.

ಕಾನೂನು ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಂಗಡಿ, ಹೋಟೆಲು, ಆಸ್ಪತ್ರೆಗಳಂಥ ಕಡೆ ನಾಮಫಲಕದ ಶೇ. 60ರಷ್ಟು ಜಾಗ ಕನ್ನಡಕ್ಕೆ ಮೀಸಲು. ಆ ಮಾತು ಬಾಗಿಲ ಮೇಲಿನ ಹೆಸರಿಗೆ ಸಂಬಂಧಿಸಿದ್ದು. ಒಳಗೆ ಕೊಳದ ಪಕ್ಕ, ಸ್ಟೀಮ್ ರೂಮಿನ ಬಾಗಿಲಲ್ಲಿ, ಟ್ರೆಡ್‌ಮಿಲ್ಲಿನ ಎದುರು ಏನು ಬರೆಯಬೇಕು, ಹೇಗೆ ಬರೆಯಬೇಕು ಎನ್ನುವುದು ಹೆಚ್ಚಾಗಿ ಮಾಲೀಕರು, ಅಪಾರ್ಟ್‌ಮೆಂಟ್ ಸಂಘದವರು ಮತ್ತು ಬೋರ್ಡು ಬರೆಯುವ ಫ್ಲೆಕ್ಸ್ ಅಂಗಡಿಯವರ ಕೈಯಲ್ಲೇ ಉಳಿಯುತ್ತದೆ.

ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದು ನೋಡಬಹುದು. ಮಲೆನಾಡಿನ ಒಂದು ಹೋಮ್‌ಸ್ಟೇ ಎಂದಿಟ್ಟುಕೊಳ್ಳೋಣ. ಹಿತ್ತಲಲ್ಲಿ ಸಣ್ಣ ಈಜುಕೊಳ. ಒಂದು ತುದಿಯಲ್ಲಿ 3 ಅಡಿ ಆಳ, ಇನ್ನೊಂದು ತುದಿಯಲ್ಲಿ 5½ ಅಡಿ. ನಡುವೆ ನೆಲ ಇಳಿಜಾರು. ಪಕ್ಕದ ಕೋಣೆಯಲ್ಲಿ ಒಂದು ಟ್ರೆಡ್‌ಮಿಲ್, ಒಂದು ಬೆಂಚು, ಒಂದಿಷ್ಟು ಡಂಬೆಲ್ಲು. ಅದರಾಚೆ ಬಿಸಿನೀರಿನ ತೊಟ್ಟಿ. ಬರುವವರು ಬೆಂಗಳೂರು, ಹಾಸನ, ಶಿವಮೊಗ್ಗದ ಕುಟುಂಬಗಳು. ಮಕ್ಕಳು, ಅಜ್ಜ ಅಜ್ಜಿ, ಕಾರಿನ ಡ್ರೈವರು ಎಲ್ಲರೂ ಇರುತ್ತಾರೆ. ಕೊಳ ಶುಚಿ ಮಾಡುವುದು, ಅತಿಥಿಗಳನ್ನು ನೋಡಿಕೊಳ್ಳುವುದು ಊರಿನ ಇಬ್ಬರು ಕೆಲಸಗಾರರು. ಬೋರ್ಡನ್ನು ಓದಬೇಕಾದವರು ಇವರೆಲ್ಲ.

ಈಗ ಗೋಡೆಯ ಮೇಲಿರುವುದು ಇಂಗ್ಲಿಷಿನ ಹದಿನಾಲ್ಕು ಸಾಲು. ಅದರಲ್ಲಿ ಮೊದಲನೆಯದು ‘ಸ್ವಿಮ್ ಅಟ್ ಯುವರ್ ಓನ್ ರಿಸ್ಕ್’. ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ‘ನಿಮ್ಮ ಸ್ವಂತ ಅಪಾಯದಲ್ಲಿ ಈಜಿರಿ’ ಎಂದಾಗುತ್ತದೆ. ಅಪಾಯದಲ್ಲಿ ಈಜಿ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ‘ನಿಮ್ಮ ಜವಾಬ್ದಾರಿಯ ಮೇಲೆ ಈಜಿ’ ಎಂದರೆ ಮಾತು ಕನ್ನಡವಾಗುತ್ತದೆ, ಆದರೂ ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಮಾಲೀಕರಿಗೆ ಇದು ರಕ್ಷಣೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯದಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದಿಂದ ಇನ್ನೊಬ್ಬರ ಸಾವಿಗೆ ಕಾರಣರಾಗುವುದನ್ನು ಅಪರಾಧ ಎನ್ನುತ್ತದೆ. ಗೋಡೆಯ ಮೇಲೆ ಇಂಥ ಸಾಲೊಂದಿದೆ ಎಂದ ಮಾತ್ರಕ್ಕೆ ಆ ಕಲಂ ದೂರ ಉಳಿಯುವುದಿಲ್ಲ.

ಆ ಸಾಲು ನಿಜವಾಗಿ ಹೇಳಬೇಕಾದದ್ದು ಒಂದು ಸಂಗತಿಯನ್ನು: ಇಲ್ಲಿ ಕಾಯುವವರು ಯಾರೂ ಇಲ್ಲ. ಹಾಗಾದರೆ ಅದನ್ನೇ ಬರೆಯಬೇಕು. ‘ಈ ಕೊಳಕ್ಕೆ ಲೈಫ್‌ಗಾರ್ಡ್ ಇಲ್ಲ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಈಜು ಬಲ್ಲ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.’ ಇಲ್ಲಿ ‘ಈಜು ಬಲ್ಲ’ ಎಂಬ ಎರಡು ಪದ ಬಿಟ್ಟುಹೋದರೆ ನಿಯಮದ ಜೀವವೇ ಹೋಗುತ್ತದೆ. ‘ಪಾಲಕರ ಮೇಲ್ವಿಚಾರಣೆ ಅಗತ್ಯ’ ಎಂದು ಬರೆದಾಗ, ದಡದ ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂತ ಅಪ್ಪನೂ ತಾನು ಮೇಲ್ವಿಚಾರಣೆ ಮಾಡುತ್ತಿದ್ದೇನೆಂದೇ ತಿಳಿಯುತ್ತಾನೆ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುವಾಗ ಉಸಿರೆಳೆಯಲೇ ಪುರುಸೊತ್ತು ಸಿಗುವುದಿಲ್ಲ, ಕೂಗುವುದೆಲ್ಲಿ ಬಂತು? ಅದಕ್ಕೇ ‘ಮಕ್ಕಳ ಮೇಲೆ ಕಣ್ಣಿಡಿ, ಫೋನ್ ನೋಡಬೇಡಿ’ ಎಂಬಷ್ಟು ನೇರವಾದ ಮಾತು ಬೇಕು.

ಆಳದ ಗುರುತಿನ ವಿಷಯಕ್ಕೆ ಬಂದರೆ, ಅದು ನಿಯಮದ ಪಟ್ಟಿಯಲ್ಲಿ ಇದ್ದು ಉಪಯೋಗವಿಲ್ಲ. ಅದು ಕೊಳದ ಅಂಚಿನಲ್ಲೇ ಇರಬೇಕು. ದಡದಲ್ಲಿ ನಡೆಯುವವರಿಗೆ ಕಾಣುವಂತೆ ಅಂಚಿನ ನೆಲದ ಮೇಲೆ ಒಂದು, ನೀರಿನಲ್ಲಿರುವವರಿಗೆ ಕಾಣುವಂತೆ ನೀರಿನ ಮಟ್ಟಕ್ಕಿಂತ ಮೇಲೆ ಒಳಗೋಡೆಯ ಮೇಲೆ ಒಂದು. ಮೀಟರಿನಲ್ಲಿ ಬರೆಯುವುದು ಜಗತ್ತಿನ ರೂಢಿ. ಆದರೆ ನಮ್ಮಲ್ಲಿ ಬಾವಿಯ ಆಳ, ಮನುಷ್ಯನ ಎತ್ತರ ಎರಡನ್ನೂ ಜನ ಅಡಿಯಲ್ಲೇ ಹೇಳುತ್ತಾರೆ. 1.7 ಮೀ. ಎಂದರೆ ತಮ್ಮ ತಲೆ ಮುಳುಗುತ್ತದೋ ಇಲ್ಲವೋ ಎಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. 5½ ಅಡಿ ಎಂದರೆ ಐದಡಿ ಎರಡಂಗುಲದ ಹೆಣ್ಣುಮಗಳಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಹಾಗಾಗಿ ‘ಆಳ 5½ ಅಡಿ’ ದೊಡ್ಡದಾಗಿ, ‘1.7 ಮೀ.’ ಅದರ ಕೆಳಗೆ ಚಿಕ್ಕದಾಗಿ.

ಸಂಖ್ಯೆಯ ಜೊತೆ ಒಂದು ಮಾತೂ ಬೇಕು. 4 ಅಡಿ ಆಳ ಬರುವ ಕಡೆ ಕೊಳಕ್ಕೆ ಅಡ್ಡಲಾಗಿ ತೇಲುವ ಹಗ್ಗ ಕಟ್ಟಿ, ಎರಡೂ ದಡದಲ್ಲಿ ಹೀಗೆ ಬರೆಯಬಹುದು: ‘ಮುಂದೆ ನೆಲ ಸಿಗುವುದಿಲ್ಲ. ಈಜು ಬಾರದವರು ಹಗ್ಗ ದಾಟಬೇಡಿ.’ ಆರಡಿ ಎತ್ತರದವರಿಗೆ ಆಚೆಯೂ ನೆಲ ಸಿಗುತ್ತದೆ, ನಿಜ. ಬೋರ್ಡು ಬರೆಯುವುದು ಅವರಿಗಾಗಿ ಅಲ್ಲ. ಇಳಿಜಾರಿನ ನುಣುಪಾದ ಟೈಲ್ಸಿನ ಮೇಲೆ ಎದೆಮಟ್ಟ ನೀರಿನಲ್ಲಿ ನಿಂತವರು ಒಂದು ಹೆಜ್ಜೆ ಹಿಂದಿಟ್ಟರೂ ಕಾಲು ಆಳದ ಕಡೆಗೇ ಜಾರುತ್ತದೆ. ಗಡಿಯನ್ನು 5 ಅಡಿಯ ಬದಲು 4 ಅಡಿಗೇ ಹಾಕುವುದು ಈ ಕಾರಣಕ್ಕೆ. ‘ಡೀಪ್ ಎಂಡ್’ ಎಂಬುದನ್ನು ‘ಆಳವಾದ ಅಂತ್ಯ’ ಎಂದು ಬರೆದ ಬೋರ್ಡು ಈ ಯಾವುದನ್ನೂ ತಿಳಿಸುವುದಿಲ್ಲ.

‘ನೋ ಡೈವಿಂಗ್’ ಕೂಡ ಇಂಥದೇ ತೊಡಕಿನ ಸಾಲು. ‘ಡೈವಿಂಗ್ ನಿಷೇಧಿಸಲಾಗಿದೆ’ ಎಂದರೆ ಎತ್ತರದ ಹಲಗೆಯಿಂದ ಹಾರುವುದು ಎಂದು ಹುಡುಗರು ಅರ್ಥ ಮಾಡಿಕೊಳ್ಳುತ್ತಾರೆ. ಹಲಗೆಯೇ ಇಲ್ಲದ ಕೊಳದಲ್ಲಿ ಆ ನಿಯಮ ತಮಗಲ್ಲ ಎಂದುಕೊಳ್ಳುತ್ತಾರೆ. ಕೆರೆಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ದಡದಿಂದ ತಲೆ ಮುಂದು ಮಾಡಿ ಹಾರುವುದು ಅಭ್ಯಾಸವೇ ಆಗಿರುತ್ತದೆ. ಬಾವಿಯಲ್ಲಿ ನೀರು ಆಳ. ಇಲ್ಲಿ 4 ಅಡಿಗೇ ಕಾಂಕ್ರೀಟು ತಾಗುತ್ತದೆ, ಕತ್ತಿನ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲು ಸ್ವಾಧೀನ ತಪ್ಪುತ್ತವೆ. ತಲೆ ಮುಂದಾಗಿ ಹಾರಲು ಕನಿಷ್ಠ 9 ಅಡಿ ನೀರು ಬೇಕೆಂದು ಅಮೆರಿಕನ್ ರೆಡ್ ಕ್ರಾಸ್ ಹೇಳುತ್ತದೆ. ಆದ್ದರಿಂದ ಬೋರ್ಡಿನಲ್ಲಿ: ‘ತಲೆ ಮುಂದಾಗಿ ಹಾರಬೇಡಿ. ನೀರು ಕಡಿಮೆ ಇದೆ, ಕತ್ತು ಮುರಿಯುತ್ತದೆ.’ ಇದರ ಪಕ್ಕ ಕೆಂಪು ವೃತ್ತದಲ್ಲಿ ಅಡ್ಡಗೆರೆ ಎಳೆದ, ಹಾರುವ ಮನುಷ್ಯನ ಚಿತ್ರ. ಸುರಕ್ಷತಾ ಚಿಹ್ನೆಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 7010ರಲ್ಲಿ ಈ ಚಿತ್ರವಿದೆ. ಕೆಂಪು ವೃತ್ತ ಎಂದರೆ ಮಾಡಬೇಡಿ, ನೀಲಿ ವೃತ್ತ ಎಂದರೆ ಮಾಡಲೇಬೇಕು, ಹಳದಿ ತ್ರಿಕೋನ ಎಂದರೆ ಎಚ್ಚರ. ಓದಲು ಬಾರದ ಮಗುವಿಗೂ, ಎರಡೂ ಭಾಷೆ ಬಾರದ ಅತಿಥಿಗೂ ತಿಳಿಯುವುದು ಚಿತ್ರ ಮಾತ್ರ.

ಸೋಮೇಶ್ವರದ ಘಟನೆಯ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಬೋರ್ಡು ಬೇರೆಯೇ ಇರಬೇಕು. ಗೆಳತಿ ಮುಳುಗುತ್ತಿರುವಾಗ ಹದಿನಾಲ್ಕು ಸಾಲು ಓದುವುದು ಯಾರಿಂದಲೂ ಸಾಧ್ಯವಿಲ್ಲ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ಮೇಲೇರಲು ನೋಡುತ್ತಾರೆ. ಈಜು ಬಾರದವರು ಕಾಪಾಡಲು ಇಳಿದರೆ ಇಬ್ಬರೂ ಮುಳುಗುವುದು ಇದರಿಂದಲೇ. ತೇಲುವ ಟ್ಯೂಬು ಮತ್ತು ಉದ್ದನೆಯ ಕೋಲು ನೇತುಹಾಕಿರುವ ಜಾಗದಲ್ಲೇ ನಾಲ್ಕು ಸಾಲಿನ ಬೋರ್ಡು ಇರಬೇಕು:

‘ಯಾರಾದರೂ ಮುಳುಗುತ್ತಿದ್ದರೆ:
1. ನೀರಿಗೆ ಹಾರಬೇಡಿ.
2. ಜೋರಾಗಿ ಕೂಗಿ ಜನರನ್ನು ಕರೆಯಿರಿ.
3. ಟ್ಯೂಬ್ ಎಸೆಯಿರಿ, ಇಲ್ಲವೇ ಕೋಲು ಚಾಚಿ.
4. 108ಕ್ಕೆ ಫೋನ್ ಮಾಡಿ.’

ಕರ್ನಾಟಕದಲ್ಲಿ 108 ಆಂಬುಲೆನ್ಸಿನ ನಂಬರು, 112 ಎಲ್ಲ ತುರ್ತಿಗೂ ಇರುವ ನಂಬರು. ಅದರ ಕೆಳಗೆ ಆ ಜಾಗದ ಪೂರ್ತಿ ವಿಳಾಸ ಬರೆದಿರಬೇಕು: ಹೋಮ್‌ಸ್ಟೇ ಹೆಸರು, ಊರು, ತಾಲ್ಲೂಕು, ಯಾವ ರಸ್ತೆಯಲ್ಲಿ ಯಾವ ಗುರುತಿನ ಬಳಿ ತಿರುಗಬೇಕು ಎಂಬುದು. ನಿನ್ನೆ ರಾತ್ರಿ ಮ್ಯಾಪ್ ನೋಡಿಕೊಂಡು ಬಂದ ಅತಿಥಿಗೆ ತಾನು ಎಲ್ಲಿದ್ದೇನೆಂದು ಫೋನಿನಲ್ಲಿ ಹೇಳಲು ಬರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಾದರೆ ಯಾವ ಗೇಟು, ಯಾವ ಬ್ಲಾಕು ಎಂಬುದನ್ನು ಸೇರಿಸಬೇಕು.

ಇನ್ನು ಸಮಯದ ಬೋರ್ಡು. ಇದು ಸುಲಭದ್ದೆಂದು ಎಲ್ಲರೂ ಭಾವಿಸುತ್ತಾರೆ, ತಪ್ಪುಗಳೂ ಇಲ್ಲೇ ಹೆಚ್ಚು. ಎ.ಎಂ., ಪಿ.ಎಂ. ಬರೆದ ಕಡೆ 12 ಗಂಟೆ ಹಗಲಿನದೋ ರಾತ್ರಿಯದೋ ಎಂದು ಇಂಗ್ಲಿಷ್ ಬಲ್ಲವರಿಗೇ ಗೊಂದಲ. ಕನ್ನಡದಲ್ಲಿ ಆ ಕಷ್ಟವೇ ಇಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ದಿನವನ್ನು ಜನ ಮೊದಲೇ ಹಂಚಿಕೊಂಡಿದ್ದಾರೆ. ‘ಬೆಳಗ್ಗೆ 6ರಿಂದ 10. ಸಂಜೆ 4ರಿಂದ 7. ಸೋಮವಾರ ಬೆಳಗ್ಗೆ ಶುಚಿಗೊಳಿಸುವ ಕೆಲಸ, ಕೊಳ ಮುಚ್ಚಿರುತ್ತದೆ.’ ಅಂಕಿಗಳು ಎರಡೂ ಭಾಷೆಯಲ್ಲಿ ಒಂದೇ ಬಗೆಯವಾಗಿರುವುದು ಒಳ್ಳೆಯದು. ಕನ್ನಡದ ೬ ಮತ್ತು ೯ ದೂರದಿಂದ ನೋಡಿದರೆ ಒಂದಕ್ಕೊಂದು ಹೋಲುತ್ತವೆ. ಬೆಳಗ್ಗೆ ಆರಕ್ಕೋ ಒಂಬತ್ತಕ್ಕೋ ಎಂಬ ಅನುಮಾನಕ್ಕೆ ಎಡೆಯಿರಬಾರದು.

ಸಮಯ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನೂ ಬೋರ್ಡು ಹೇಳಬೇಕು. ಜಿಮ್ಮಿಗೆ ಬೀಗ ಹಾಕಬಹುದು. ಕೊಳ ‘ಮುಚ್ಚಿದೆ’ ಎಂದರೂ ಬೇಲಿಯಿಲ್ಲದ ಕಡೆ ನೀರು ಅಲ್ಲೇ ತೆರೆದಿರುತ್ತದೆ. ‘ಈ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ನೀರಿಗೆ ಇಳಿಯಬೇಡಿ. ನೋಡಿಕೊಳ್ಳುವವರು ಇರುವುದಿಲ್ಲ’ ಎಂದು ಕಾರಣ ಸಮೇತ ಬರೆದರೆ ಊಟ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೊಳದ ಕಡೆ ಹೊರಟವರಿಗೆ ಅದು ತಟ್ಟುತ್ತದೆ. ಲೈಫ್‌ಗಾರ್ಡ್ ಇರುವ ದೊಡ್ಡ ಕೊಳಗಳಲ್ಲಿ ಬೋರ್ಡಿನ ಸಮಯ ಮತ್ತು ಅವರ ಪಾಳಿಯ ಸಮಯ ಒಂದೇ ಆಗಿರಬೇಕು. ಕೊಳ 6ಕ್ಕೆ ತೆರೆದು ಲೈಫ್‌ಗಾರ್ಡ್ ಬರುವುದು 7ಕ್ಕೆ ಎಂದಾದರೆ ಆ ಒಂದು ಗಂಟೆ ಬೋರ್ಡು ಸುಳ್ಳು ಹೇಳುತ್ತಿರುತ್ತದೆ.

ಶುಚಿತ್ವದ ಸಾಲುಗಳಲ್ಲಿ ಸಂಕೋಚ ಅಡ್ಡ ಬರುತ್ತದೆ. ‘ಸಾಂಕ್ರಾಮಿಕ ಕಾಯಿಲೆ ಇರುವವರಿಗೆ ಪ್ರವೇಶವಿಲ್ಲ’ ಎಂದು ಬರೆದರೆ ಹೊಟ್ಟೆ ಕೆಟ್ಟ ಮಗುವಿನ ತಾಯಿ ಅದು ತನಗೆ ಹೇಳಿದ ಮಾತೆಂದು ತಿಳಿಯುವುದಿಲ್ಲ. ಕೊಳದಿಂದ ಹರಡುವ ಕಾಯಿಲೆಗಳಲ್ಲಿ ಮುಖ್ಯವಾದದ್ದೇ ಬೇಧಿ. ಅದನ್ನು ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ‘ಬೇಧಿ ಆಗುತ್ತಿರುವವರು ನೀರಿಗೆ ಇಳಿಯಬೇಡಿ. ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಿ.’ ಇದಕ್ಕಿಂತ ನಯವಾಗಿ ಬರೆದರೆ ಕೆಲಸ ಕೆಡುತ್ತದೆ.

ಬಿಸಿನೀರಿನ ತೊಟ್ಟಿಯ ಬೋರ್ಡಿನಲ್ಲಿ ‘ಆರೋಗ್ಯ ಸಮಸ್ಯೆ ಇರುವವರು ವೈದ್ಯರನ್ನು ಸಂಪರ್ಕಿಸಿ’ ಎಂಬ ಒಂದೇ ಸಾಲು ಬರೆದು ಮುಗಿಸುವುದುಂಟು. ರಜೆಗೆ ಬಂದವರು ಯಾರೂ ಡಾಕ್ಟರಿಗೆ ಫೋನ್ ಮಾಡಲು ಕೂರುವುದಿಲ್ಲ. ಯಾರು ಇಳಿಯಬಾರದೆಂದು ಮನೆಯ ಮಾತಿನಲ್ಲೇ ಹೇಳಬೇಕು: ‘ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಕುಡಿದವರು ಇಳಿಯಬೇಡಿ. ಬಿಪಿ, ಶುಗರ್ ಇರುವವರು ಡಾಕ್ಟರ್ ಸರಿ ಎಂದಿದ್ದರೆ ಮಾತ್ರ ಇಳಿಯಿರಿ.’ ಬಿಸಿಗೆ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಬೇಗ. ಬಹಳ ಕಾಲದಿಂದ ಶುಗರ್ ಇರುವ ಕೆಲವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿ, ನೀರು ಸುಡುತ್ತಿರುವುದೇ ತಿಳಿಯುವುದಿಲ್ಲ. ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ‘15 ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ತಲೆ ಸುತ್ತಿದರೆ ಕೂಡಲೇ ಹೊರಗೆ ಬನ್ನಿ, ನಿಧಾನವಾಗಿ ಎದ್ದೇಳಿ.’ ತೊಟ್ಟಿಯಿಂದ ಕಾಣುವ ಹಾಗೆ ಒಂದು ಗೋಡೆ ಗಡಿಯಾರ ಇಲ್ಲದಿದ್ದರೆ ಈ 15 ನಿಮಿಷದ ಸಾಲು ಬರೆದೂ ಬರೆಯದ ಹಾಗೆ.

ಜಿಮ್ಮಿನ ಬೋರ್ಡು ಚಿಕ್ಕದಾದಷ್ಟೂ ಒಳ್ಳೆಯದು. ‘ಟ್ರೆಡ್‌ಮಿಲ್ ಶುರುವಾಗುವಾಗ ಪಟ್ಟಿಯ ಮೇಲೆ ನಿಲ್ಲಬೇಡಿ, ಎರಡೂ ಬದಿಯ ಅಂಚಿನ ಮೇಲೆ ನಿಲ್ಲಿ. ಸೇಫ್ಟಿ ಕ್ಲಿಪ್ ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಬೆರಳು ಸಿಕ್ಕಿಕೊಳ್ಳುತ್ತದೆ.’ ಬೆಂಚಿನ ಬಳಿ: ‘ಮಲಗಿ ಭಾರ ಎತ್ತುವಾಗ ಹಿಂದೆ ಒಬ್ಬರು ನಿಂತಿರಲಿ.’ ಒಂದೊಂದು ಸಾಲೂ ಆಯಾ ಯಂತ್ರದ ಎದುರಿಗೇ ಇದ್ದರೆ ಬಾಗಿಲಲ್ಲಿ ದೊಡ್ಡ ಪಟ್ಟಿಯೇ ಬೇಡ.

ಎರಡು ಭಾಷೆಯನ್ನು ಒಂದೇ ಹಲಗೆಯ ಮೇಲೆ ಕೂರಿಸುವಾಗ ಒಂದು ಶಿಸ್ತು ಬೇಕು. ಚಿಕ್ಕ ಎಚ್ಚರಿಕೆಗಳಾದರೆ ಕನ್ನಡದ ಸಾಲು, ಅದರ ಕೆಳಗೇ ಇಂಗ್ಲಿಷಿನ ಸಾಲು. ಪಟ್ಟಿ ಉದ್ದವಿದ್ದರೆ ಎಡಕ್ಕೊಂದು ಬಲಕ್ಕೊಂದು ಕಂಬಸಾಲು. ಎರಡರಲ್ಲೂ ನಿಯಮಗಳ ಸಂಖ್ಯೆ ಮತ್ತು ಕ್ರಮ ಒಂದೇ ಇರಬೇಕು. ಹಾಗಿದ್ದರೆ ಕೆಲಸಗಾರರು ‘ನಾಲ್ಕನೇ ನಿಯಮ ನೋಡಿ ಸಾರ್’ ಎಂದು ಯಾವ ಭಾಷೆಯ ಅತಿಥಿಗಾದರೂ ಬೆರಳು ತೋರಿಸಬಹುದು. ಇಂಗ್ಲಿಷಿನಲ್ಲಿ ಹದಿನಾಲ್ಕು, ಕನ್ನಡದಲ್ಲಿ ಒಂಬತ್ತು ಎಂದಾದರೆ ಕಳೆದುಹೋದ ಐದರಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದೂ ಇರಬಹುದು. ಸಮಯ ಬದಲಾದಾಗ ಇಂಗ್ಲಿಷಿನ ಕಡೆ ಮಾತ್ರ ಕಾಗದ ಅಂಟಿಸಿ ಕನ್ನಡದಲ್ಲಿ ಹಳೆಯದೇ ಉಳಿಯುವುದೂ ಸಾಮಾನ್ಯ. ಸಮಯದ ಭಾಗವನ್ನು ಕಳಚಿ ಹಾಕಬಹುದಾದ ಬೇರೆ ತಗಡಿನಲ್ಲಿ, ಎರಡೂ ಭಾಷೆಗೆ ಒಂದೇ ಅಂಕಿಯಿಟ್ಟು ಮಾಡಿಸಿದರೆ ಈ ತೊಂದರೆ ತಪ್ಪುತ್ತದೆ.

ಫ್ಲೆಕ್ಸ್ ಅಂಗಡಿಯಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಯುನಿಕೋಡ್ ಕನ್ನಡವನ್ನು ಡಿಸೈನ್ ತಂತ್ರಾಂಶಕ್ಕೆ ಅಂಟಿಸಿದಾಗ, ಭಾರತೀಯ ಲಿಪಿಗಳ ಜೋಡಣೆ ಆನ್ ಆಗಿರದಿದ್ದರೆ ಒತ್ತಕ್ಷರ ಒಡೆಯುತ್ತದೆ. ‘ಮಕ್ಕಳು’ ಹೋಗಿ ‘ಮಕ್‌ಕಳು’ ಆಗುತ್ತದೆ, ‘ಎಚ್ಚರ’ ಹೋಗಿ ‘ಎಚ್‌ಚರ’ ಆಗುತ್ತದೆ. ಹಳೆಯ ನುಡಿ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುವುದೂ ಉಂಟು. ಅಚ್ಚಿಗೆ ಕೊಡುವ ಮೊದಲು ಬರಹವನ್ನಲ್ಲ, ಅಂಗಡಿಯವರು ಮಾಡಿದ ಅಂತಿಮ ಚಿತ್ರವನ್ನೇ ತರಿಸಿಕೊಂಡು ಒತ್ತಕ್ಷರವಿರುವ ಪ್ರತಿ ಪದವನ್ನೂ ಓದಬೇಕು. ಅಕ್ಷರದ ಗಾತ್ರಕ್ಕೆ ಬೋರ್ಡು ಬರೆಯುವವರ ಒಂದು ಅಂದಾಜಿದೆ: ಹತ್ತಡಿ ದೂರದಿಂದ ಆರಾಮವಾಗಿ ಓದಲು ಒಂದು ಅಂಗುಲ ಎತ್ತರದ ಅಕ್ಷರ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಈ ಒಂದು ಅಂಗುಲವನ್ನು ಮೂಲ ಅಕ್ಷರಕ್ಕೇ ಕೊಟ್ಟು ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಹೊಳೆಯುವ ಸ್ಟೀಲಿನಲ್ಲಿ ಕೊರೆದ ಅಕ್ಷರ ನೋಡಲು ಚೆಂದ, ಆದರೆ ನೀರಿನ ಮೇಲಿನ ಬಿಸಿಲು ಅದರಲ್ಲಿ ಪ್ರತಿಫಲಿಸಿದಾಗ ಏನೂ ಕಾಣುವುದಿಲ್ಲ.

ಬೋರ್ಡು ತೂಗುಹಾಕುವ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ. ಕನ್ನಡದ ಭಾಗವನ್ನು ಮಾತ್ರ ಕಾಗದದ ಮೇಲೆ ಮುದ್ರಿಸಿ, ಇಂಗ್ಲಿಷ್ ಬೋರ್ಡನ್ನು ನೋಡದ ಇಬ್ಬರಿಗೆ ಓದಲು ಕೊಡಬೇಕು. ಅಡುಗೆ ಮಾಡುವ ಹೆಂಗಸಿಗೆ ಒಮ್ಮೆ, ಐದನೇ ಕ್ಲಾಸಿನ ಮಗುವಿಗೆ ಒಮ್ಮೆ. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಕೇಳಬೇಕಾದದ್ದು ಬೇರೆ: ‘ನಿನಗೆ ಈಜು ಬರುವುದಿಲ್ಲ. ಎಲ್ಲಿಯವರೆಗೆ ಹೋಗಬಹುದು?’ ‘ನಿಮ್ಮ ಕಣ್ಣೆದುರು ಯಾರೋ ಮುಳುಗುತ್ತಿದ್ದಾರೆ. ಮೊದಲು ಏನು ಮಾಡುತ್ತೀರಿ?’ ಮೊದಲನೆಯದಕ್ಕೆ ಹಗ್ಗದವರೆಗೆ ಎಂದೂ, ಎರಡನೆಯದಕ್ಕೆ ಕೂಗಿ ಟ್ಯೂಬ್ ಎಸೆಯುತ್ತೇನೆ ಎಂದೂ ಉತ್ತರ ಬಂದರೆ ಅಚ್ಚಿಗೆ ಕೊಡಬಹುದು. ಕೆಳಗಿಳಿದು ಎಳೆದುಕೊಂಡು ಬರುತ್ತೇನೆ ಎಂದರೆ, ‘ನೀರಿಗೆ ಹಾರಬೇಡಿ’ ಎಂಬ ಸಾಲಿಗೆ ‘ಇಳಿಯಲೂ ಬೇಡಿ’ ಎಂದು ಸೇರಿಸಿ ಮತ್ತೊಮ್ಮೆ ಕೇಳಬೇಕು.